ಮನೆಯಿಂದ ಕೆಲಸ: ನಿಯಮ ಬರೆಯುವಾಗ ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರಿನಲ್ಲಿ 300 ಜನರಿರುವ ಒಂದು ಸಾಫ್ಟ್‌ವೇರ್ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಅಲ್ಲಿನ ಟೆಸ್ಟಿಂಗ್ ಎಂಜಿನಿಯರೊಬ್ಬರು ಸಾಗರದ ತಮ್ಮ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳುತ್ತಾರೆ. ‘ಮ್ಯಾನೇಜರ್ ವಿವೇಚನೆಗೆ ಬಿಟ್ಟದ್ದು’ ಎಂದಷ್ಟೇ ನಿಯಮದಲ್ಲಿದ್ದರೆ, ಅದೇ ಕೆಲಸ ಮಾಡುವ ಇನ್ನೊಂದು ತಂಡದವರಿಗೆ ಸಿಕ್ಕ ಅನುಮತಿ ಇವರಿಗೆ ಸಿಗದೆ ಹೋಗಬಹುದು. ಎಚ್‌ಆರ್ ಬಾಗಿಲಿಗೆ ಬರುವ ಜಗಳ ಹುಟ್ಟುವುದು ಇಲ್ಲೇ.

ಆದ್ದರಿಂದ ಅರ್ಹತೆಯನ್ನು ವ್ಯಕ್ತಿಗಲ್ಲ, ಹುದ್ದೆಗೆ ಕಟ್ಟಬೇಕು. ಯಾವ ಹುದ್ದೆಯವರು ಹೊರಗಿನಿಂದ ಕೆಲಸ ಮಾಡಬಹುದು, ಯಾರು ಮಾಡುವಂತಿಲ್ಲ ಎಂಬ ಪಟ್ಟಿ ದಾಖಲೆಯಲ್ಲೇ ಇರಲಿ. ತಮ್ಮ ಮಾಹಿತಿ ಕಚೇರಿಯ ಆಚೆ ತೆರೆಯಬಾರದು ಎಂದು ಗ್ರಾಹಕರು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಆ ತಂಡವನ್ನು ಹೊರಗಿಡಲೇಬೇಕು. ಅನುಮತಿ ನಿರಾಕರಿಸುವವರು ಏಳು ದಿನದೊಳಗೆ ಕಾರಣವನ್ನು ಬರಹದಲ್ಲಿ ಕೊಡಲಿ. ವಿದೇಶದಿಂದ ಕೆಲಸ ಮಾಡುವುದಕ್ಕೆ ಪ್ರತ್ಯೇಕ ಅನುಮತಿ ಬೇಕು. ಅಲ್ಲಿ ವೀಸಾ ಮತ್ತು ತೆರಿಗೆಯ ತೊಡಕುಗಳಿವೆ.

ಮುಂದಿನದು ಖರ್ಚು. ‘ಸೂಕ್ತ ವೆಚ್ಚ ಭರಿಸಲಾಗುವುದು’ ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬ್ರಾಡ್‌ಬ್ಯಾಂಡಿಗೆ ತಿಂಗಳಿಗೆ 1,000 ರೂಪಾಯಿವರೆಗೆ, ಬಿಲ್ ಕೊಟ್ಟರೆ ಮುಂದಿನ ಸಂಬಳದೊಳಗೆ ವಾಪಸ್ ಎಂದು ಬರೆದರೆ ಗೊಂದಲವಿಲ್ಲ. ಅದೇ ಮೊತ್ತವನ್ನು ಬಿಲ್ ಕೇಳದೆ ಸಂಬಳದ ಜೊತೆ ಭತ್ಯೆಯಾಗಿ ಕೊಟ್ಟರೆ ನೌಕರರು ಅದಕ್ಕೆ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ. ಕುರ್ಚಿ, ಮಾನಿಟರ್ ಕೊಟ್ಟರೆ ಅವು ಯಾರ ಸ್ವತ್ತು, ಕೆಲಸ ಬಿಡುವಾಗ ವಾಪಸ್ ಸಾಗಿಸುವ ಖರ್ಚು ಯಾರದು ಎಂಬುದನ್ನೂ ಬರೆದಿಡಬೇಕು.

ನಿಯಮದ ನಿಜವಾದ ಪರೀಕ್ಷೆ ಮಾಹಿತಿ ಸುರಕ್ಷತೆಯಲ್ಲಿ. ನಮ್ಮ ಎಂಜಿನಿಯರ್ ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಕೊಂಡರು ಎನ್ನೋಣ. ಬೈಯಿಸಿಕೊಳ್ಳುವ ಭಯಕ್ಕೆ ಸೋಮವಾರದವರೆಗೆ ಸುಮ್ಮನಿದ್ದರೆ ಅಷ್ಟರಲ್ಲಿ ಅನಾಹುತ ಆಗಿಹೋಗಿರಬಹುದು. ಮಾಹಿತಿ ಸೋರಿಕೆಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಹೊರಡಿಸಿದೆ. ವೈಯಕ್ತಿಕ ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಹಾಗಾಗಿ ‘ಸಾಧನ ಕಳೆದರೆ ಒಂದು ಗಂಟೆಯೊಳಗೆ ಈ ಸಂಖ್ಯೆಗೆ ಕರೆ ಮಾಡಿ, ತಕ್ಷಣ ತಿಳಿಸಿದವರ ಮೇಲೆ ಕಳೆದದ್ದಕ್ಕಾಗಿ ಶಿಸ್ತುಕ್ರಮ ಇಲ್ಲ’ ಎಂಬ ಸಾಲು ಇರಲೇಬೇಕು. ಆ ಕರೆಯನ್ನು ರಾತ್ರಿಯೂ ಎತ್ತುವವರು ಇರಬೇಕು. ಅವರು ಕೂಡಲೇ ಆ ಖಾತೆಯ ಲಾಗಿನ್‌ಗಳನ್ನು ಮುಚ್ಚಬೇಕು. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದ್ದು, ಪಾಸ್‌ವರ್ಡ್ ಚೀಟಿ ಬ್ಯಾಗಿನಲ್ಲಿ ಇರದಿದ್ದರೆ, ಕದ್ದವರಿಗೆ ಯಂತ್ರ ಸಿಕ್ಕೀತೇ ಹೊರತು ಒಳಗಿನ ಕಡತ ಸಿಗುವುದು ಬಹಳ ಕಷ್ಟ. ಎನ್‌ಕ್ರಿಪ್ಷನ್ ಆನ್ ಆಗಿದೆಯೇ ಎಂಬುದನ್ನು ನೌಕರರ ಮಾತಿನ ಮೇಲೆ ನಂಬದೆ, ಐಟಿ ವಿಭಾಗವೇ ಪ್ರತಿ ತಿಂಗಳು ಪರಿಶೀಲಿಸಲಿ.

ಕರಡು ಸಿದ್ಧವಾದ ಮೇಲೆ ಹೊಸದಾಗಿ ಸೇರಿದ ಒಬ್ಬರ ಕೈಗೆ ಕೊಡಿ. ಅನುಮತಿ ಯಾರನ್ನು ಕೇಳಬೇಕು, ಬಿಲ್ ಎಲ್ಲಿ ಕೊಡಬೇಕು, ಲ್ಯಾಪ್‌ಟಾಪ್ ಕಳೆದರೆ ಯಾರಿಗೆ ಫೋನ್ ಮಾಡಬೇಕು ಎಂದು ವಿಚಾರಿಸಿ. ಐದು ನಿಮಿಷದಲ್ಲಿ ಉತ್ತರ ಹುಡುಕಲು ಅವರಿಗೆ ಆಗದಿದ್ದರೆ ಆ ಭಾಗವನ್ನು ಮತ್ತೆ ಬರೆಯಿರಿ.