ಸಿಮ್ ಸ್ವಾಪ್ ವಂಚನೆ: ಸಿಗ್ನಲ್ ಮಾಯವಾದ ನಂತರದ 24 ಗಂಟೆ ಏಕೆ ಮುಖ್ಯ?

ಪುಣೆಯಲ್ಲಿರುವ ಒಬ್ಬರಿಗೆ ಶನಿವಾರ ಸಂಜೆ ಕಸ್ಟಮರ್ ಕೇರ್ ಹೆಸರಿನಲ್ಲಿ ಕರೆ ಬರುತ್ತದೆ ಎಂದುಕೊಳ್ಳಿ. 'ನಿಮ್ಮ ಸಿಮ್ ಅನ್ನು 5ಜಿಗೆ ಬದಲಾಯಿಸುತ್ತಿದ್ದೇವೆ. ಈಗ ಇನ್ನೊಂದು ಕರೆ ಬರುತ್ತದೆ, 1 ಒತ್ತಿ ಸಾಕು' ಎನ್ನುತ್ತಾರೆ. ಅವರು ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ ಹೋಗುತ್ತದೆ. ನೆಟ್‌ವರ್ಕ್ ಸಮಸ್ಯೆ ಇರಬೇಕು ಎಂದು ಅವರು ಸುಮ್ಮನಾಗುತ್ತಾರೆ. ವಂಚಕರಿಗೆ ಬೇಕಾಗಿದ್ದೂ ಅದೇ.

ಅಷ್ಟರಲ್ಲಿ ಆಗಿದ್ದೇನು?

ಮೊಬೈಲ್ ಸಂಖ್ಯೆ ನಿಜವಾಗಿ ಸಿಮ್ ಕಾರ್ಡ್‌ನಲ್ಲಿ ಇರುವುದಿಲ್ಲ. ಕಾರ್ಡ್‌ನಲ್ಲಿರುವುದು ಅದರದೇ ಗುರುತಿನ ಸಂಖ್ಯೆ ಮತ್ತು ರಹಸ್ಯ ಕೀ. ಯಾವ ಮೊಬೈಲ್ ಸಂಖ್ಯೆ ಯಾವ ಕಾರ್ಡ್‌ಗೆ ಸೇರಿದ್ದು ಎಂಬುದು ಕಂಪನಿಯ ಡೇಟಾಬೇಸ್‌ನಲ್ಲಿ ದಾಖಲಾಗಿರುತ್ತದೆ. ಆ ದಾಖಲೆ ಬದಲಾದ ಕೂಡಲೇ ಹಳೆಯ ಕಾರ್ಡ್ ಸತ್ತು, ಕರೆಗಳೆಲ್ಲ ಹೊಸ ಕಾರ್ಡ್‌ಗೆ ಹೋಗುತ್ತವೆ.

ಹೀಗಾಗಿಯೇ ಬದಲಾವಣೆಗೆ ಮೊದಲು ಪರಿಶೀಲನೆ ಕಡ್ಡಾಯ. ದೂರಸಂಪರ್ಕ ಇಲಾಖೆಯ ನಿಯಮದಂತೆ ಹೊಸ ಸಿಮ್ ಕೇಳುವವರು ಮತ್ತೆ ಕೆವೈಸಿ ಮಾಡಿಸಬೇಕು. ಹಳೆಯ ಸಿಮ್ ಚಾಲ್ತಿಯಲ್ಲಿದ್ದರೆ ಅದಕ್ಕೆ ಕಂಪನಿ ಸಂದೇಶ ಕಳುಹಿಸಿ, ಸ್ವಯಂಚಾಲಿತ ಕರೆ ಮಾಡಿ ಒಪ್ಪಿಗೆ ಪಡೆಯುತ್ತದೆ. ಗ್ರಾಹಕರು ಬೇಡ ಎಂದರೆ ಪ್ರಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಪುಣೆಯ ಗ್ರಾಹಕರು ಒತ್ತಿದ '1' ಈ ಒಪ್ಪಿಗೆಯೇ ಆಗಿತ್ತು. 'ಫೋನ್ ಕಳೆದಿದೆ' ಎಂದು ನಕಲಿ ದಾಖಲೆ ಕೊಟ್ಟು ಸಿಮ್ ಪಡೆಯುವವರೂ ಇದ್ದಾರೆ.

ಇದೆಲ್ಲ ದಾಟಿದರೂ ಇನ್ನೊಂದು ತಡೆ ಇದೆ. ಸಿಮ್ ಬದಲಾದ ಬಳಿಕ 24 ಗಂಟೆ ಹೊಸ ಕಾರ್ಡ್‌ನಲ್ಲಿ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅಂದರೆ ಬ್ಯಾಂಕಿನ ಒಟಿಪಿ ವಂಚಕರಿಗೆ ತಕ್ಷಣ ಸಿಗದು. ಜೊತೆಗೆ 2024ರ ಜುಲೈ 1ರಿಂದ ಟ್ರಾಯ್ ನಿಯಮದ ಪ್ರಕಾರ, ಸಿಮ್ ಬದಲಿಸಿದ 7 ದಿನದೊಳಗೆ ಆ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲು ಕೋಡ್ ಸಿಗುವುದಿಲ್ಲ.

ಆದರೆ ಈ ತಡೆ ಎಸ್‌ಎಂಎಸ್‌ಗೆ ಮಾತ್ರ, ಕರೆಗಲ್ಲ. ಕರೆಯ ಮೂಲಕ ಒಟಿಪಿ ತಿಳಿಸುವ ಸೇವೆಗಳಿಗೆ ಇದರ ರಕ್ಷಣೆ ಇಲ್ಲ. ಮೇಲಾಗಿ ಅವಧಿ ಮುಗಿದ ಮೇಲೆ ಎಲ್ಲವೂ ತೆರೆದುಕೊಳ್ಳುತ್ತದೆ. ಪುಣೆಯ ಗ್ರಾಹಕರು ಸೋಮವಾರ ನೋಡೋಣ ಎಂದು ಕುಳಿತರೆ, ಭಾನುವಾರ ರಾತ್ರಿಯೇ ಒಟಿಪಿ ಹೊಸ ಕಾರ್ಡ್‌ಗೆ ಬರತೊಡಗಿರುತ್ತದೆ.

ಏನು ಮಾಡಬೇಕು?

ಪಕ್ಕದವರ ಅದೇ ಕಂಪನಿಯ ಫೋನ್‌ನಲ್ಲಿ ಸಿಗ್ನಲ್ ಇದ್ದು ನಿಮ್ಮದರಲ್ಲಿ ಮಾತ್ರ ಇಲ್ಲವೇ? ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಬೇರೆ ಫೋನ್‌ನಿಂದ ಕಂಪನಿಗೆ ಕರೆ ಮಾಡಿ, ನಿಮ್ಮ ಸಂಖ್ಯೆಗೆ ಹೊಸ ಸಿಮ್ ಕೊಡಲಾಗಿದೆಯೇ ಎಂದು ಕೇಳಿ. ಹೌದು ಎಂದಾದರೆ ಅದನ್ನು ನಿಲ್ಲಿಸಲು ಹೇಳಿ, ಬ್ಯಾಂಕಿಗೆ ತಿಳಿಸಿ ನೆಟ್ ಬ್ಯಾಂಕಿಂಗ್ ಮತ್ತು ಯುಪಿಐ ಸ್ಥಗಿತಗೊಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.