ಸ್ಕ್ಯಾನಿಂಗ್ ಸರಿಯಿದ್ದರೂ ಪಿಸಿಓಎಸ್

24 ವರ್ಷದ ಯುವತಿಯೊಬ್ಬಳಿಗೆ ಎರಡು ತಿಂಗಳಿಗೊಮ್ಮೆ ಮುಟ್ಟು, ಗದ್ದದ ಮೇಲೆ ಒರಟು ಕೂದಲು ಎಂದುಕೊಳ್ಳಿ. ಸ್ಕ್ಯಾನಿಂಗಿನಲ್ಲಿ ನೀರುಗುಳ್ಳೆಗಳೇ ಇಲ್ಲ. ಆದರೂ ಅವಳಿಗೆ ಪಿಸಿಓಎಸ್ ಇರಬಹುದು. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಅನಿಯಮಿತ ಅಂಡೋತ್ಪತ್ತಿ, ಹೆಚ್ಚಿದ ಪುರುಷ ಹಾರ್ಮೋನು, ಸ್ಕ್ಯಾನಿಂಗಿನಲ್ಲಿ ಕಾಣುವ ಗುಳ್ಳೆಗಳು, ಈ ಮೂರರಲ್ಲಿ ಎರಡಿದ್ದರೆ ಸಾಕು. ಅದಕ್ಕೆ ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ ತೊಂದರೆಗಳಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬರೀ ಗುಳ್ಳೆ ಕಂಡು ಹಣೆಪಟ್ಟಿ ಹಚ್ಚುವುದಂತೂ ಸಲ್ಲ.

ಸದ್ಯಕ್ಕೆ ಮಗು ಬೇಡವೆಂದರೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೋಜೆನ್ ಕೂಡಿದ ಗುಳಿಗೆ ಕೊಡುತ್ತಾರೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಗುಳಿಗೆ ಅದನ್ನು ತಡೆಯುತ್ತದೆ, ಕೂದಲನ್ನೂ ನಿಧಾನವಾಗಿ ತಗ್ಗಿಸುತ್ತದೆ. ಆದರೆ ಆಗ ತಿಂಗಳು ತಿಂಗಳು ಬರುವ ರಕ್ತಸ್ರಾವ ಗುಳಿಗೆ ನಿಲ್ಲಿಸಿದ್ದರಿಂದ ಬಂದದ್ದು, ಅಂಡ ಬಿಡುಗಡೆಯಾದ ಲಕ್ಷಣವಲ್ಲ. ಗುಳಿಗೆ ಅಂಡೋತ್ಪತ್ತಿಯನ್ನೇ ತಡೆಯುತ್ತದೆ.

ಇದೇ ಹೆಣ್ಣುಮಗಳು ನಾಲ್ಕು ವರ್ಷದ ನಂತರ ಮಗು ಬಯಸಿದರೆ ಚಿಕಿತ್ಸೆಯ ದಿಕ್ಕೇ ಬೇರೆ. ಗುಳಿಗೆ ನಿಲ್ಲಿಸಿ, ಗಂಡನ ವೀರ್ಯಪರೀಕ್ಷೆ ಮಾಡಿಸಿ (ಇದನ್ನು ಮುಂದೂಡುವ ಮನೆಗಳೇ ಹೆಚ್ಚು), ಮುಟ್ಟಿನ ಆರಂಭದ ದಿನಗಳಲ್ಲಿ ಐದು ದಿನ ಲೆಟ್ರೊಜೋಲ್ ಕೊಡುತ್ತಾರೆ. ಅಂಡ ಬೆಳೆಯಿತೇ ಎಂಬುದನ್ನು ಸ್ಕ್ಯಾನಿಂಗಿನಲ್ಲಿ ನೋಡುತ್ತಾರೆ. ಬೆಳೆಯದಿದ್ದರೆ ಮುಂದಿನ ಸುತ್ತಿನಲ್ಲಿ ಪ್ರಮಾಣ ಏರಿಸುತ್ತಾರೆ.