ಒಗೆದರೂ ಬಿಡದ ನಿರಿಗೆ

ಜೂನ್ ಬಂತೆಂದರೆ ಸವದತ್ತಿಯ ಸಿಂಪಿಗರ ಅಂಗಡಿಗಳಲ್ಲಿ ಶಾಲೆಯ ಸ್ಕರ್ಟುಗಳದ್ದೇ ರಾಶಿ. ಸುತ್ತಲಿನ ಕರಿ ಮಣ್ಣಿನಲ್ಲಿ ಹತ್ತಿ ಬೆಳೆದರೂ ಆ ಸ್ಕರ್ಟುಗಳು ಹೆಚ್ಚಾಗಿ ಟೆರಿಕಾಟಿನವು. ನಿರಿಗೆಯ ಮಟ್ಟಿಗೆ ಅದು ಸರಿಯಾದ ಆಯ್ಕೆ. ಹತ್ತಿ ಸೀರೆಯ ನಿರಿಗೆಯನ್ನು ದಿನವೂ ಹೊಸದಾಗಿ ಹಿಡಿಯಬೇಕು, ಟೆರಿಕಾಟ್ ಸ್ಕರ್ಟಿನದು ವರ್ಷವಿಡೀ ನಿಲ್ಲಬಲ್ಲದು. ಈ ವ್ಯತ್ಯಾಸ ಹುಟ್ಟುವುದು ನೂಲಿನೊಳಗೆ.

ಹತ್ತಿಯ ಎಳೆಯಲ್ಲಿರುವ ಸೆಲ್ಯುಲೋಸ್ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ. ನೀರು ತಾಗಿದೊಡನೆ ಅವು ಸಡಿಲಗೊಳ್ಳುತ್ತವೆ. ಇಸ್ತ್ರಿ ಮಾಡಿದಾಗ ನೀರು ಆರಿ, ಮಡಿಸಿದ ಆಕಾರದಲ್ಲೇ ಬಂಧಗಳು ಮತ್ತೆ ಕೂಡುತ್ತವೆ. ಮುಂದಿನ ಸಲ ಒಗೆದರೆ ಮತ್ತೆ ಕಳಚುತ್ತವೆ. ಗಂಜಿ ಹಾಕಿದರೂ ಅಷ್ಟೇ, ಅದೂ ನೀರಿನಲ್ಲಿ ತೊಳೆದುಹೋಗುತ್ತದೆ. ಟೆರಿಕಾಟಿನಲ್ಲಿರುವ ಪಾಲಿಯೆಸ್ಟರ್ ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಮಾತ್ರ ಜಗ್ಗುತ್ತದೆ. ಸುಮಾರು 70–80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಅಣುಗಳು ಅಲುಗಾಡಲು ಶುರುಮಾಡುತ್ತವೆ, 150ರ ಆಸುಪಾಸಿನಲ್ಲಿ ಹೊಸ ಜಾಗದಲ್ಲಿ ಚೆನ್ನಾಗಿ ಕೂರುತ್ತವೆ. ಬಳೆಗಾರ ಅರಗನ್ನು ಕಾಯಿಸಿ ಬಾಗಿಸಿ, ತಣ್ಣಗಾಗುವವರೆಗೆ ಹಿಡಿಯುವ ಹಾಗೆಯೇ ಇದು. ತಣ್ಣೀರಿನಲ್ಲಿ ಒಗೆಯುವಾಗ ಬಟ್ಟೆ ಆ ಬಿಸಿಯ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ನಿರಿಗೆ ಉಳಿಯುತ್ತದೆ.

ಬಟ್ಟೆ ಯಾವುದೆಂಬ ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಇದ್ದರೆ ತುದಿಯಲ್ಲಿ ಗಟ್ಟಿ ಕರಿ ಗುಂಡು ಕಟ್ಟುತ್ತದೆ.

24 ಇಂಚು ಸೊಂಟದ ಹುಡುಗಿಗೆ ಬಾಕ್ಸ್ ಪ್ಲೀಟಿನ ಸ್ಕರ್ಟು ಎಂದುಕೊಳ್ಳಿ. 3 ಇಂಚು ಮುಖದ 8 ಪ್ಲೀಟು. ಪ್ರತಿ ಪ್ಲೀಟಿನ ಎರಡೂ ಬದಿಯಲ್ಲಿ ಒಂದೂವರೆ ಇಂಚು ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕು, ಹಾಗಾಗಿ ಒಂದಕ್ಕೆ 9 ಇಂಚು, ಎಲ್ಲ ಸೇರಿ 72. ಹೊಲಿಗೆಗೆ ಬಿಡುವುದು ಬೇರೆ. ಜೋಡಣೆಯ ಹೊಲಿಗೆ ಒಳಮಡಿಕೆಯಲ್ಲೇ ಅಡಗಬೇಕು. ಮಡಿಕೆಗಳು 16 ಇರುವುದರಿಂದ ಒಂದೊಂದರಲ್ಲಿ 1/8 ಇಂಚು ತಪ್ಪಿದರೂ ಸೊಂಟ 2 ಇಂಚು ಕೆಡುತ್ತದೆ. ನೈಫ್ ಪ್ಲೀಟಿನಲ್ಲಿ ಮಡಿಕೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಬಾಕ್ಸನ್ನು ಉಲ್ಟಾ ಮಾಡಿದರೆ ಎರಡು ಮಡಿಕೆಗಳು ಎದುರುಬದುರಾಗಿ ಬಂದು, ಒಳಗಿನ ಬಟ್ಟೆ ನಡೆಯುವಾಗಷ್ಟೇ ಕಾಣುತ್ತದೆ. ಮೂರರಲ್ಲೂ ಮಡಿಕೆ ಹಾಸಿನ ಎಳೆಗೆ ನೇರವಾಗಿರಬೇಕು. ವಾರೆಯಾದರೆ ಎಷ್ಟು ಇಸ್ತ್ರಿ ಮಾಡಿದರೂ ನಿರಿಗೆ ತಿರುಚಿಕೊಳ್ಳುತ್ತದೆ.

ಕೆಳಅಂಚನ್ನು ಮೊದಲು ಮಡಿಸಿ ಹೊಲಿದು, ಆಮೇಲೆ ಮಡಿಕೆಗಳನ್ನು ಗುರುತು ಮಾಡಿ ಮೇಲಿನಿಂದ ಕೆಳಗಿನವರೆಗೆ ಕಚ್ಚಾ ಹೊಲಿಗೆ ಹಾಕಬೇಕು. ಒಳಮಡಿಕೆಯ ಗುರುತು ಹೊರಗೆ ಮೂಡದಂತೆ ಅಡಿಗೆ ಕಾಗದದ ಪಟ್ಟಿ ಇಡಬೇಕು. ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಬೇಕು, ಎಳೆದಾಡಬಾರದು. ಎಳೆದಾಡಿದರೆ ಮಡಿಕೆ ಜಾರಿ ಪಕ್ಕದಲ್ಲೇ ಎರಡನೇ ಗೆರೆ ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ನೀರಿರುವವರೆಗೆ ಅಡಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹತ್ತಿಯ ಪಾಲಿಗೆ ಆ ಹಬೆ ಸಾಕು, ಪಾಲಿಯೆಸ್ಟರಿಗೆ ಸಾಲದು. ಅದಕ್ಕೇ ಬಟ್ಟೆ ಪೂರ್ತಿ ಆರುವವರೆಗೆ ಒತ್ತಬೇಕು. ಕೆಂಡದ ಪೆಟ್ಟಿಗೆಯ ಬಿಸಿ ಅಳತೆಗೆ ಸಿಗುವುದಿಲ್ಲವಾದ್ದರಿಂದ ಮೊದಲು ಚೂರು ಬಟ್ಟೆಯ ಮೇಲೆ ನೋಡಬೇಕು. ಹೊಳಪು ಬಂದರೆ ಬಿಸಿ ಹೆಚ್ಚಾಯಿತು, ಆ ಹೊಳಪು ಮತ್ತೆ ಹೋಗುವುದು ಕಷ್ಟ.

ಇಲ್ಲಿಂದ ಮುಂದೆ ಅವಸರವೇ ಶತ್ರು. ಪೆಟ್ಟಿಗೆ ಎತ್ತಿದೊಡನೆ ಸ್ಕರ್ಟನ್ನು ಎತ್ತಿ ತೂಗುಹಾಕಿದರೆ, ಇನ್ನೂ ಬಿಸಿಯಾಗಿರುವ ಎಳೆಗಳು ಬಟ್ಟೆಯ ಭಾರಕ್ಕೆ ಅರ್ಧ ಬಿಚ್ಚಿಕೊಂಡ ಸ್ಥಿತಿಯಲ್ಲೇ ತಣಿಯುತ್ತವೆ. ಒಗೆದ ಮೇಲೆ ಕಾಣುವುದು ಆ ಅರ್ಧ ಬಿಚ್ಚಿದ ಆಕಾರವೇ. ಚಪ್ಪಟೆ ಮರದ ಹಲಗೆಯೊಂದನ್ನು ಮಡಿಕೆಯ ಮೇಲೆ ಒತ್ತಿಟ್ಟು, ಕೈಗೆ ತಣ್ಣಗೆ ತಾಗುವವರೆಗೆ ಬಿಡಬೇಕು. ಆಮೇಲಷ್ಟೇ ಮುಂದಿನ ಮಡಿಕೆ. ಕಚ್ಚಾ ಹೊಲಿಗೆ ಬಿಚ್ಚುವುದು ಕೊನೆಗೆ.

ಇಷ್ಟೆಲ್ಲ ಮಾಡಿಯೂ ತೊಟ್ಟಾಗ ಪ್ಲೀಟು ಬಾಯಿ ಬಿಟ್ಟರೆ ತಪ್ಪು ಇಸ್ತ್ರಿಯದಲ್ಲ, ಅಳತೆಯದು. ಸೊಂಟಕ್ಕೆ ಮಾತ್ರ ಅಳತೆ ಹಿಡಿದು ಕುಂಡೆಯ ಸುತ್ತಳತೆ ಬಿಟ್ಟಿದ್ದರೆ ಮೈ ಮಡಿಕೆಯನ್ನು ಎಳೆಯುತ್ತಲೇ ಇರುತ್ತದೆ. ಶುದ್ಧ ಹತ್ತಿಯ ಬಟ್ಟೆಯಾದರೆ ಪ್ರತಿ ಮಡಿಕೆಯ ತುದಿಗೆ ಒತ್ತಾಗಿ ಒಂದು ಹೊಲಿಗೆ ಓಡಿಸುವುದೇ ದಾರಿ. ಅಲ್ಲಿ ಮಡಿಕೆಯನ್ನು ಹಿಡಿಯುವುದು ಬಿಸಿಯಲ್ಲ, ದಾರ.

ಒಗೆದ ಮೇಲೆ ಹಿಂಡದೆ ಸೊಂಟಪಟ್ಟಿ ಹಿಡಿದು ನೇತುಹಾಕಿದರೆ ನೀರಿನ ಭಾರವೇ ಪ್ಲೀಟನ್ನು ನೇರ ಮಾಡುತ್ತದೆ. ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ಮಾತ್ರ ಅಡ್ಡಾದಿಡ್ಡಿ ಸುಕ್ಕುಗಳು ಕೂಡ ಅದೇ ನಿಯಮದಿಂದ ಕೂತುಬಿಡುತ್ತವೆ. ಮುಂದಿನ ವರ್ಷ ಹುಡುಗಿ ಬೆಳೆದಳೆಂದು ಕೆಳಅಂಚು ಬಿಚ್ಚಿದಾಗ ಹಳೆಯ ಗೆರೆ ಅಳಿಯದೆ ಉಳಿಯುವುದೂ ಇದೇ ಕಾರಣಕ್ಕೆ. ಅದನ್ನು ತೆಗೆಯಲು ಮೊದಲು ಕೊಟ್ಟದ್ದಕ್ಕಿಂತ ಹೆಚ್ಚು ಬಿಸಿ ಬೇಕು, ಅಷ್ಟು ಬಿಸಿ ಕೊಟ್ಟರೆ ಪ್ಲೀಟೂ ಹೋಗುತ್ತದೆ. ಹೀಗಾಗಿ ಬೆಳೆಯುವ ಮಕ್ಕಳ ಸ್ಕರ್ಟಿನಲ್ಲಿ ಕೆಳಅಂಚಿನ ಮಡಿಕೆಗೆ ಹಗುರ ಬಿಸಿಯಷ್ಟೇ ಕೊಟ್ಟು, ಗಟ್ಟಿ ಒತ್ತುವುದನ್ನು ಅದರ ಮೇಲ್ಭಾಗಕ್ಕೇ ನಿಲ್ಲಿಸುವುದು ಒಳ್ಳೆಯದು.